ರೇಟ್ ಲಿಸ್ಟ್‌ನಲ್ಲಿ 18 ಇದ್ದರೂ ಬಿಲ್ಲಿನಲ್ಲಿ 14 ಯಾಕೆ ಬಂತು?

ಪ್ರಶ್ನೆ: ಹಾವೇರಿಯಲ್ಲಿ ನಮ್ಮ ಅಣ್ಣನ ಪೈಪ್ ಫಿಟ್ಟಿಂಗ್ ಮತ್ತು ಹಾರ್ಡ್‌ವೇರ್ ಅಂಗಡಿ ಇದೆ. ಬಿಲ್ಲು ನಾನು ಎಕ್ಸೆಲ್‌ನಲ್ಲಿ ಮಾಡುತ್ತೇನೆ. Rate ಶೀಟ್‌ನಲ್ಲಿ 640 ಐಟಂಗಳ ಕೋಡು, ಹೆಸರು, ರೇಟು ಇವೆ. Bill ಶೀಟ್‌ನಲ್ಲಿ ಕೋಡ್ ಹೊಡೆದರೆ ರೇಟು ತಾನೇ ಬರಲಿ ಅಂತ VLOOKUP ಹಾಕಿದ್ದೇನೆ. ಕೆಲವು ಸರಿ ಬರುತ್ತವೆ, ಕೆಲವಕ್ಕೆ #N/A ಬರುತ್ತದೆ. ಮೊನ್ನೆ ಒಬ್ಬರಿಗೆ 25 ಎಂಎಂ ಎಲ್ಬೋ 60 ಕೊಟ್ಟೆವು. ರೇಟು 18, ಬಿಲ್ಲಿನಲ್ಲಿ 14 ಬಂದಿತ್ತು. ಏಳೇ ಐಟಂ ಇಟ್ಟು ಟೆಸ್ಟ್ ಮಾಡಿದೆ, ಆಗಲೂ ಹಾಗೇ. 20 ಎಂಎಂ ಕಪ್ಲರ್ ಲಿಸ್ಟ್‌ನಲ್ಲಿ ಕಣ್ಣಿಗೆ ಕಾಣುತ್ತದೆ, Ctrl+F ಮಾಡಿದರೆ ಸಿಗುತ್ತದೆ, ಬಿಲ್ಲಿನಲ್ಲಿ ಮಾತ್ರ #N/A. ಫಾರ್ಮುಲಾ `=VLOOKUP(B2,Rate!$A$2:$C$8,3)`. ಒಬ್ಬರು ಲಿಸ್ಟ್ ಸಾರ್ಟ್ ಮಾಡು ಅಂದರು, ಇನ್ನೊಬ್ಬರು IFERROR ಹಾಕಿ ಸೊನ್ನೆ ತೋರಿಸು ಅಂದರು. ಅಣ್ಣ ಕೈಯಲ್ಲೇ ಬರಿ ಅಂತಾನೆ. ಏನು ಮಾಡಲಿ?

ಉತ್ತರ: ನಿಮ್ಮ ಫಾರ್ಮುಲಾದಲ್ಲಿ ಒಂದೇ ಒಂದು ಪದ ಕಡಿಮೆ ಇದೆ. ಕೊನೆಗೆ FALSE ಹಾಕಿ:

```
=VLOOKUP(B2,Rate!$A:$C,3,FALSE)
```

ಏಳು ಐಟಂನ ಟೆಸ್ಟ್ ಶೀಟ್‌ನಲ್ಲಿ ಇದನ್ನು ಹಾಕಿ ನೋಡಿ, ಏಳೂ ಸರಿ ಬರುತ್ತವೆ. $A:$C ಅಂತ ಪೂರ್ತಿ ಕಾಲಂ ಕೊಟ್ಟಿರುವುದಕ್ಕೆ ಕಾರಣ, ನಾಳೆ 641ನೇ ಐಟಂ ಸೇರಿಸಿದಾಗ ಫಾರ್ಮುಲಾ ಮುಟ್ಟುವ ಕೆಲಸ ಇರುವುದಿಲ್ಲ. ಡಾಲರ್ ಗುರುತು ನೀವು ಮೊದಲೇ ಹಾಕಿದ್ದೀರಿ, ಒಳ್ಳೆಯದಾಯಿತು. ಅದನ್ನು ಬಿಟ್ಟವರಿಗೆ ಫಾರ್ಮುಲಾ ಕೆಳಗೆ ಎಳೆದಂತೆ A2:C8 ಇದ್ದದ್ದು A3:C9, A4:C10 ಅಂತ ಜಾರುತ್ತಾ ಹೋಗುತ್ತದೆ. ಬಿಲ್ಲಿನ ಮೇಲಿನ ಸಾಲುಗಳು ಸರಿ, ಕೆಳಗಿನವು #N/A ಅಂತಾದರೆ ಮೊದಲು ಡಾಲರ್ ನೋಡಬೇಕು.

ಆದರೆ FALSE ಯಾಕೆ ಬೇಕು ಅನ್ನುವುದು ಗೊತ್ತಾಗದೆ ಇದ್ದರೆ ಇನ್ನೊಂದು ಶೀಟ್ ಮಾಡುವಾಗ ಮತ್ತೆ ಮರೆತುಹೋಗುತ್ತದೆ. ಅದಕ್ಕೆ ನಿಮ್ಮ ಏಳು ಸಾಲುಗಳನ್ನೇ ಇಟ್ಟುಕೊಂಡು ನೋಡೋಣ. ನೀವು ಲಿಸ್ಟ್ ಕಳಿಸಿಲ್ಲ, ಹಾಗಾಗಿ ಅದು ಸುಮಾರು ಹೀಗಿದೆ ಅಂದುಕೊಳ್ಳುತ್ತೇನೆ.

```
2210   ಎಲ್ಬೋ 20 ಎಂಎಂ    12
2215   ಎಲ್ಬೋ 25 ಎಂಎಂ    18
1105   ಕಪ್ಲರ್ 20 ಎಂಎಂ    9
1110   ಕಪ್ಲರ್ 25 ಎಂಎಂ   14
3301   ಟೀ 20 ಎಂಎಂ       16
3305   ಟೀ 25 ಎಂಎಂ       24
1120   ಕಪ್ಲರ್ 32 ಎಂಎಂ   22
```

ಕೊನೆಯ ಪದ ಬಿಟ್ಟರೆ ಎಕ್ಸೆಲ್ ಅದನ್ನು TRUE ಅಂತ ತಿಳಿಯುತ್ತದೆ. TRUE ಅಂದರೆ, 'ಲಿಸ್ಟ್ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇದೆ. ನಾನು ಕೇಳಿದ್ದು ಸಿಗದಿದ್ದರೆ ಅದಕ್ಕಿಂತ ಕೆಳಗಿನ ಹತ್ತಿರದ್ದನ್ನು ಕೊಡು' ಅಂತ ಹೇಳಿದ ಹಾಗೆ. ಆಗ ಅದು ಮೇಲಿನಿಂದ ಒಂದೊಂದೇ ಸಾಲು ನೋಡುವುದಿಲ್ಲ. ನಾವು ಪದಕೋಶದಲ್ಲಿ ಪದ ಹುಡುಕುವಾಗ ನಡುವೆ ತೆರೆದು, ಮುಂದಿದೆಯೋ ಹಿಂದಿದೆಯೋ ನೋಡಿ, ಅರ್ಧರ್ಧ ಬಿಟ್ಟುಬಿಡುತ್ತೇವಲ್ಲ, ಹಾಗೆ ಹುಡುಕುತ್ತದೆ.

ಈಗ 2215 ಹುಡುಕಿ. ಏಳು ಸಾಲಿನ ನಡುವಿನದು ನಾಲ್ಕನೆಯದು, 1110. 2215 ಅದಕ್ಕಿಂತ ದೊಡ್ಡದು, ಹಾಗಾಗಿ 'ನನಗೆ ಬೇಕಾದದ್ದು ಕೆಳಗಿದೆ' ಅಂತ ಮೇಲಿನ ಮೂರು ಸಾಲನ್ನು ಕೈಬಿಡುತ್ತದೆ. ನಿಮ್ಮ 2215 ಇದ್ದದ್ದೇ ಆ ಮೇಲಿನ ಮೂರರಲ್ಲಿ. ಉಳಿದ ಮೂರರ ನಡುವಿನದು 3305, ಅದು ದೊಡ್ಡದಾಯಿತು. ಅದರ ಮೇಲಿನ 3301 ಕೂಡ ದೊಡ್ಡದಾಯಿತು. ಇನ್ನು ನೋಡಲು ಏನೂ ಉಳಿದಿಲ್ಲ. ಕೈಯಲ್ಲಿ ಉಳಿದ ಚಿಕ್ಕ ಕೋಡ್ ಅಂದರೆ 1110, ಅದರ ರೇಟು 14. ಅದನ್ನೇ ನಿಮ್ಮ ಎಲ್ಬೋ ಮುಂದೆ ತಂದು ಇಡುತ್ತದೆ. ಅಂದರೆ 25 ಎಂಎಂ ಎಲ್ಬೋವನ್ನು ನೀವು 25 ಎಂಎಂ ಕಪ್ಲರ್ ರೇಟಿಗೆ ಮಾರಿದ್ದೀರಿ. 60 ನಗಕ್ಕೆ 1,080 ಆಗಬೇಕಿತ್ತು, 840 ಆಯಿತು.

ಇದೇ ದಾರಿಯಲ್ಲಿ 1105 ಹುಡುಕಿ. ನಡುವಿನ 1110 ದೊಡ್ಡದು, ಹಾಗಾಗಿ ಮೇಲಿನ ಮೂರಕ್ಕೆ ಹೋಗುತ್ತದೆ. ಅವುಗಳ ನಡುವಿನ 2215 ದೊಡ್ಡದು, ಅದರ ಮೇಲಿನ 2210 ಕೂಡ ದೊಡ್ಡದು. ಚಿಕ್ಕದು ಯಾವುದೂ ಸಿಗಲಿಲ್ಲ, #N/A. ಮೂರನೇ ಸಾಲಿನಲ್ಲೇ ಇದ್ದ 1105 ಅನ್ನು ಅದು ಮುಟ್ಟಲೇ ಇಲ್ಲ. ನಿಮ್ಮ Ctrl+F ಒಂದೊಂದೇ ಸಾಲು ನೋಡುತ್ತದೆ, ಅದಕ್ಕೇ ಸಿಕ್ಕಿತು. ಇನ್ನು 3301ಕ್ಕೆ ದಾರಿ ಸರಿಯಾಗಿ ಬಿತ್ತು, ಟೀ ರೇಟು 16 ಸರಿ ಬಂತು. ನಿಮ್ಮ ಲಿಸ್ಟ್ ಇದೇ ಕ್ರಮದಲ್ಲಿದ್ದರೆ 2210 ಮತ್ತು 1120ರ ಮುಂದೆ ಕೂಡ 14 ಬಂದಿರುತ್ತದೆ, ನೋಡಿಕೊಳ್ಳಿ.

ಇಲ್ಲಿ ಎಕ್ಸೆಲ್ ಕೆಟ್ಟಿಲ್ಲ, ಫೈಲೂ ಕೆಟ್ಟಿಲ್ಲ. ಕಂಪನಿಯ ರೇಟ್ ಲಿಸ್ಟ್ ಎಲ್ಬೋ ಒಂದು ಗುಂಪು, ಕಪ್ಲರ್ ಒಂದು ಗುಂಪು ಅಂತ ಬರುತ್ತದೆ, ಕೋಡಿನ ಕ್ರಮದಲ್ಲಿ ಬರುವುದಿಲ್ಲ. ನೀವು ಅದನ್ನು ಹಾಗೇ ಇಟ್ಟುಕೊಂಡಿರಿ, ಫಾರ್ಮುಲಾ ಮಾತ್ರ ಕ್ರಮದಲ್ಲಿದೆ ಅಂತ ನಂಬಿತು. ಗೂಗಲ್ ಶೀಟ್ಸ್‌ನಲ್ಲಿ ಮಾಡಿದ್ದರೂ ಇದೇ ಆಗುತ್ತಿತ್ತು, ಅಲ್ಲೂ ಕೊನೆಯ ಪದ ಬಿಟ್ಟರೆ TRUE ಅಂತಲೇ ಲೆಕ್ಕ.

ಸಾರ್ಟ್ ಮಾಡಿದರೆ ಸಾಲದೇ?

ಸಾರ್ಟ್ ಮಾಡು ಅಂದವರ ಮಾತು ಅರ್ಧ ನಿಜ. ಕೋಡುಗಳನ್ನು ಕ್ರಮಕ್ಕೆ ಹಚ್ಚಿದರೆ ಮೇಲಿನ ಏಳೂ ಸರಿ ಬರುತ್ತವೆ. ಆದರೆ ಲಿಸ್ಟ್‌ನಲ್ಲಿ ಇಲ್ಲದ ಕೋಡ್ ಹೊಡೆದ ದಿನ ಪೆಟ್ಟು ಬೀಳುತ್ತದೆ. ಹೊಸದಾಗಿ 2212 ಅಂತ ಒಂದು ಮಾಲು ಬಂತು, ಇನ್ನೂ Rate ಶೀಟ್‌ಗೆ ಹಾಕಿಲ್ಲ ಅಂದುಕೊಳ್ಳಿ. ಬಿಲ್ಲಿನಲ್ಲಿ 2212 ಹೊಡೆದರೆ ಅದಕ್ಕಿಂತ ಚಿಕ್ಕದಾದ 2210ರ ರೇಟು 12 ಬಂದು ಕೂರುತ್ತದೆ. ಇನ್ನು ಅವಸರದಲ್ಲಿ 2215 ಬದಲು 22150 ಅಂತ ಒಂದು ಸೊನ್ನೆ ಜಾಸ್ತಿ ಬಿತ್ತು ಅನ್ನಿ. ಅದು ಎಲ್ಲಕ್ಕಿಂತ ದೊಡ್ಡ ನಂಬರ್, ಹಾಗಾಗಿ ಲಿಸ್ಟಿನ ಕಟ್ಟಕಡೆಯ ಐಟಂ ರೇಟು ಬರುತ್ತದೆ. ಎರಡೂ ಸಲ ಬಿಲ್ ನೋಡಿದರೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ಗಿರಾಕಿ ಎದುರಿಗೆ ನಿಂತಿರುವಾಗ ಯಾರು ಒಂದೊಂದೇ ರೇಟು ತಾಳೆ ನೋಡುತ್ತಾರೆ?

ಹಾಗಾದರೆ TRUE ಯಾಕೆ ಇಟ್ಟಿದ್ದಾರೆ ಅಂತ ಅನ್ನಿಸಬಹುದು. ಅದಕ್ಕೆ ಬೇರೆ ಕೆಲಸ ಇದೆ. 50 ನಗ ತಗೊಂಡರೆ 5 ಪರ್ಸೆಂಟ್, 200 ತಗೊಂಡರೆ 8 ಪರ್ಸೆಂಟ್ ಬಿಡುತ್ತೀರಿ ಅನ್ನಿ. 0, 50, 200 ಅಂತ ಮೂರೇ ಸಾಲಿನ ಪಟ್ಟಿ ಸಾಕು. 130 ನಗಕ್ಕೆ ಹುಡುಕಿದರೆ 130 ಪಟ್ಟಿಯಲ್ಲಿಲ್ಲ, ಕೆಳಗಿನ 50ರ ಸಾಲು ಸಿಗಬೇಕು, ಸಿಗುತ್ತದೆ. ಹೀಗೆ ಮಿತಿಗಳ ಪಟ್ಟಿಗೆ TRUE ಸರಿ. ಕೋಡಿಗೆ ಮಾತ್ರ ಬೇಡ. 2212 ಅನ್ನುವ ಮಾಲು 2210ಕ್ಕೆ 'ಹತ್ತಿರದ್ದು' ಅಲ್ಲವೇ ಅಲ್ಲ, ಅದು ಬೇರೆಯೇ ಮಾಲು.

IFERROR ಮತ್ತು ಸೊನ್ನೆ

ಈ ಸಲಹೆ ಕೇಳಿ ನನಗೆ ನಿಜಕ್ಕೂ ಆತಂಕ ಆಯಿತು, ಯಾಕೆಂದರೆ ಎಲ್ಲ ಕಡೆ ಇದನ್ನೇ ಕಲಿಸುತ್ತಾರೆ. #N/A ನೋಡಲು ಚೆಂದ ಇಲ್ಲ, ಒಪ್ಪುತ್ತೇನೆ. ಆದರೆ ಅದು ಹೇಳುತ್ತಿರುವುದು 'ಈ ಕೋಡ್ ನನಗೆ ಸಿಗಲಿಲ್ಲ' ಅಂತ. ಅದರ ಜಾಗದಲ್ಲಿ ಸೊನ್ನೆ ಇಟ್ಟರೆ ಮಾಲು ಪುಕ್ಕಟೆ ಹೋಗುತ್ತದೆ. ಹನ್ನೆರಡು ಸಾಲಿನ ಬಿಲ್ಲಿನಲ್ಲಿ ಒಂದು ಸಾಲು ಸೊನ್ನೆ ಇದ್ದರೂ ಕೆಳಗೆ ಟೋಟಲ್ ಬಂದೇ ಬರುತ್ತದೆ, ಪ್ರಿಂಟೂ ಆಗುತ್ತದೆ. #N/A ಇದ್ದರೆ ಟೋಟಲ್ ಕೂಡ #N/A ಆಗಿ ನಿಲ್ಲುತ್ತದೆ, ನೀವು ನೋಡಲೇಬೇಕಾಗುತ್ತದೆ. ನನಗೆ ಅದೇ ಬೇಕು.

IFERROR ಇನ್ನೂ ಒಂದು ಕೆಲಸ ಮಾಡುತ್ತದೆ. ಫಾರ್ಮುಲಾ ತಪ್ಪು ಬರೆದರೆ ಬರುವ #NAME?, ಕಾಲಂ ಅಳಿಸಿಹೋದರೆ ಬರುವ #REF! ಇವನ್ನೂ ಮುಚ್ಚಿಬಿಡುತ್ತದೆ. ಗಿರಾಕಿ ಮುಂದೆ #N/A ಕಾಣಬಾರದು ಅಂತಿದ್ದರೆ IFNA ಬಳಸಿ. ಅದು #N/A ಒಂದನ್ನೇ ಹಿಡಿಯುತ್ತದೆ, ಎಕ್ಸೆಲ್ 2013ರಿಂದ ಇದೆ.

```
=IFNA(VLOOKUP(B2,Rate!$A:$C,3,FALSE),"ರೇಟ್ ಇಲ್ಲ")
```

ನಿಮ್ಮ ಬಿಲ್ಲಿನಲ್ಲಿ ರೇಟು D ಕಾಲಂನಲ್ಲಿ, ಮೊತ್ತ E ಕಾಲಂನಲ್ಲಿ ಇದೆ ಅಂದುಕೊಳ್ಳುತ್ತೇನೆ. ಈಗ D ಕಾಲಂನಲ್ಲಿ 'ರೇಟ್ ಇಲ್ಲ' ಅಂತ ಅಕ್ಷರ ಬರುತ್ತದೆ. E ಕಾಲಂನಲ್ಲಿ ನಗ ಗುಣಿಸು ರೇಟು ಇರುವುದರಿಂದ ಅಲ್ಲಿ #VALUE! ಬಂದು ಟೋಟಲ್ ನಿಲ್ಲುತ್ತದೆ. ಕಾರಣ ಪಕ್ಕದಲ್ಲೇ ಕನ್ನಡದಲ್ಲಿ ಕಾಣುತ್ತದೆ, ಬಿಲ್ಲೂ ಕೈ ತಪ್ಪಿ ಹೋಗುವುದಿಲ್ಲ.

FALSE ಹಾಕಿದ ಮೇಲೆ #N/A ಜಾಸ್ತಿಯಾದರೆ

ಏಳು ಐಟಂ ಸರಿಯಾದ ಮೇಲೆ 640ರ ಪೂರ್ತಿ ಲಿಸ್ಟಿಗೆ ಹಾಕಿದಾಗ ಮೊದಲಿಗಿಂತ ಜಾಸ್ತಿ #N/A ಕಾಣಬಹುದು. ಗಾಬರಿಯಾಗಬೇಡಿ. ಇಲ್ಲಿಯವರೆಗೆ ಆ ಸಾಲುಗಳಲ್ಲಿ ಯಾವುದೋ ತಪ್ಪು ರೇಟು ಕೂತಿತ್ತು, ಈಗ ಅದು ಎದ್ದುಹೋಗಿದೆ.

ಇವುಗಳಲ್ಲಿ ಬಹಳಷ್ಟಕ್ಕೆ ಕಾರಣ ಒಂದೇ ಇರುತ್ತದೆ. ಒಂದು ಕಡೆ ಕೋಡ್ ನಂಬರ್ ಆಗಿದೆ, ಇನ್ನೊಂದು ಕಡೆ ಅಕ್ಷರ ಆಗಿದೆ. ಕಂಪನಿಯ ಪಿಡಿಎಫ್‌ನಿಂದಲೋ ಬೇರೆ ಸಾಫ್ಟ್‌ವೇರ್‌ನಿಂದಲೋ ಕಾಪಿ ಮಾಡಿದ 2215 ಎಷ್ಟೋ ಸಲ ಅಕ್ಷರವಾಗಿ ಬರುತ್ತದೆ. ನೀವು ಬಿಲ್ಲಿನಲ್ಲಿ ಕೈಯಿಂದ ಹೊಡೆದ 2215 ನಂಬರ್. ಕಣ್ಣಿಗೆ ಎರಡೂ ಒಂದೇ, Ctrl+F ಗೂ ಒಂದೇ, VLOOKUPಗೆ ಮಾತ್ರ ಬೇರೆ ಬೇರೆ. ಸುಮ್ನೆ ಒಂದು ಖಾಲಿ ಸೆಲ್‌ನಲ್ಲಿ ಹೀಗೆ ಕೇಳಿ:

```
=ISNUMBER(Rate!A2)
```

TRUE ಬಂದರೆ ನಂಬರ್, FALSE ಬಂದರೆ ಅಕ್ಷರ. Bill ಶೀಟ್‌ನ B2ಗೂ ಹಾಗೇ ಕೇಳಿ. ಎರಡೂ ಒಂದೇ ಉತ್ತರ ಕೊಡಬೇಕು. ನೀವಾಗಿ ಎಡಕ್ಕೋ ಬಲಕ್ಕೋ ಸರಿಸಿರದಿದ್ದರೆ ನಂಬರ್ ಸೆಲ್‌ನ ಬಲಕ್ಕೆ ಅಂಟಿಕೊಂಡಿರುತ್ತದೆ, ಅಕ್ಷರ ಎಡಕ್ಕೆ. ಸೆಲ್ ಮೂಲೆಯಲ್ಲಿ ಚಿಕ್ಕ ಹಸಿರು ಗುರುತು ಇದ್ದರೂ ಅನುಮಾನ ಪಡಿ.

ಸರಿ ಮಾಡುವುದು ಸುಲಭ. Rate ಶೀಟ್‌ನ A ಕಾಲಂ ಪೂರ್ತಿ ಆರಿಸಿ, Data ಮೆನುವಿನಲ್ಲಿ Text to Columns ಒತ್ತಿ, ಏನನ್ನೂ ಬದಲಿಸದೆ ನೇರ Finish ಕೊಡಿ. ಅಕ್ಷರವಾಗಿದ್ದ ಕೋಡುಗಳು ನಂಬರ್ ಆಗುತ್ತವೆ. ಸೆಲ್ ಫಾರ್ಮ್ಯಾಟ್ Text ಅಂತ ಇದ್ದರೆ ಮೊದಲು General ಮಾಡಿಕೊಳ್ಳಿ. ಒಂದು ಎಚ್ಚರಿಕೆ: ನಿಮ್ಮ ಕೋಡುಗಳಲ್ಲಿ 0110 ತರಹ ಸೊನ್ನೆಯಿಂದ ಶುರುವಾಗುವವು ಇದ್ದರೆ ಇದನ್ನು ಮಾಡಬೇಡಿ, ಮುಂದಿನ ಸೊನ್ನೆ ಹಾರಿಹೋಗಿ 110 ಆಗುತ್ತದೆ. ಅಂಥ ಕಡೆ ಎರಡೂ ಶೀಟಿನ ಕೋಡ್ ಕಾಲಂ ಅನ್ನು Text ಫಾರ್ಮ್ಯಾಟ್ ಮಾಡಿ, ಆಮೇಲೆ ಕೋಡ್ ಹೊಡೆಯಿರಿ. ಮೊದಲೇ ಇದ್ದ ನಂಬರ್‌ಗಳು ಬರೀ ಫಾರ್ಮ್ಯಾಟ್ ಬದಲಿಸಿದರೆ ಅಕ್ಷರ ಆಗುವುದಿಲ್ಲ, ಇನ್ನೊಮ್ಮೆ ಹೊಡೆಯಬೇಕಾಗುತ್ತದೆ.

ಎರಡೂ ಕಡೆ ಒಂದೇ ಜಾತಿ ಆಗಿದ್ದರೂ ಸಿಗದಿದ್ದರೆ ಕೋಡಿನ ಹಿಂದೆ ಖಾಲಿ ಜಾಗ ಇರುತ್ತದೆ. `=LEN(Rate!A2)` ಹಾಕಿ, ನಾಲ್ಕು ಅಂಕಿಯ ಕೋಡಿಗೆ 5 ಬಂದರೆ ಅದೇ. TRIM ಸಾಮಾನ್ಯ ಖಾಲಿ ಜಾಗ ತೆಗೆಯುತ್ತದೆ. ವೆಬ್‌ಸೈಟಿನಿಂದ ಕಾಪಿ ಮಾಡಿದ್ದರಲ್ಲಿ ಬೇರೆ ತರಹದ ಖಾಲಿ ಜಾಗ ಬರುವುದುಂಟು, ಅದು TRIMಗೆ ಬಗ್ಗುವುದಿಲ್ಲ. ಅದಕ್ಕೆ `=SUBSTITUTE(A2,CHAR(160),"")` ಬೇಕು.

ಕೋಡ್ ಇಲ್ಲದ ಮಾಲು: ಮೊಳೆಯ ಕಥೆ

ನಿಮ್ಮದು ಹಾರ್ಡ್‌ವೇರ್ ಕೂಡ ಅಂದಿರಿ, ಅದಕ್ಕೆ ಇದನ್ನು ಹೇಳಲೇಬೇಕು. ಮೊಳೆ, ಸ್ಕ್ರೂ ಇಂಥ ಬಿಡಿ ಮಾಲಿಗೆ ಕೋಡ್ ಇರುವುದಿಲ್ಲ, ಹೆಸರಿನ ಮೇಲೆಯೇ ಹುಡುಕುತ್ತಾರೆ. ಎರಡು ಇಂಚು ಹತ್ತು ಗೇಜ್ ಮೊಳೆಯನ್ನು ಎಷ್ಟೋ ಅಂಗಡಿಗಳಲ್ಲಿ 'ಮೊಳೆ 2*10' ಅಂತ ಬರೆದಿರುವುದನ್ನು ನೋಡಿದ್ದೇನೆ. FALSE ಹಾಕಿದ್ದರೂ ಇಲ್ಲಿ ತಪ್ಪು ರೇಟು ಬರಬಹುದು. ಯಾಕೆಂದರೆ VLOOKUPಗೆ * ಅಂದರೆ 'ಇಲ್ಲಿ ಏನು ಬೇಕಾದರೂ ಇರಲಿ' ಅಂತ. 'ಮೊಳೆ 2*10' ಹುಡುಕಿದರೆ, ಮೊಳೆ 2 ಅಂತ ಶುರುವಾಗಿ 10 ಅಂತ ಮುಗಿಯುವ ಯಾವುದಾದರೂ ಸರಿ. ಲಿಸ್ಟ್‌ನಲ್ಲಿ 'ಮೊಳೆ 2.5*10' ಮೇಲಿದ್ದರೆ ಅದರ ರೇಟೇ ಸಿಗುತ್ತದೆ. ಎರಡು ಇಂಚಿನ ಮೊಳೆಗೆ ಎರಡೂವರೆ ಇಂಚಿನ ರೇಟು.

* ಬದಲು ಎಲ್ಲ ಕಡೆ x ಬರೆಯಿರಿ: 2x10. ಬದಲಿಸಲು Ctrl+H ಬಳಸುವಾಗ ಹುಡುಕುವ ಜಾಗದಲ್ಲಿ ಬರೀ * ಹಾಕಬೇಡಿ. ಅಲ್ಲೂ ಅದು 'ಏನು ಬೇಕಾದರೂ' ಅಂತಲೇ, ಹಾಗಾಗಿ ಪೂರ್ತಿ ಹೆಸರೇ ಅಳಿಸಿ ಎಲ್ಲ ಸೆಲ್‌ನಲ್ಲೂ ಬರೀ x ಉಳಿಯುತ್ತದೆ. `~*` ಅಂತ ಹಾಕಬೇಕು. ಆ ಹೆಸರಿನ ಕಾಲಂ ಒಂದನ್ನೇ ಆರಿಸಿಕೊಂಡು ಮಾಡಿ, ಇಲ್ಲದಿದ್ದರೆ ಗುಣಾಕಾರದ ಫಾರ್ಮುಲಾದಲ್ಲಿರುವ * ಕೂಡ x ಆಗಿಬಿಡುತ್ತದೆ. ಇನ್ನು ಸೈಜನ್ನು ಬೇರೆ ಕಾಲಂನಲ್ಲಿ 1/2, 3/4 ಅಂತ ಹೊಡೆಯುವವರಿದ್ದರೆ ಕಾಲಂ ಅನ್ನು ಮೊದಲೇ Text ಮಾಡಿಡಿ. ಇಲ್ಲದಿದ್ದರೆ ಅರ್ಧ ಇಂಚು ಹೋಗಿ ಫೆಬ್ರವರಿ 1 ಆಗುತ್ತದೆ.

3 ಅನ್ನುವ ಅಂಕಿ

ಫಾರ್ಮುಲಾದ ಒಳಗಿನ 3 ಅಂದರೆ ಮೂರನೇ ಕಾಲಂ ಅಂತ. ಅದು ರೇಟು ಅನ್ನುವ ಹೆಸರನ್ನು ನೋಡುವುದಿಲ್ಲ, ಬರೀ ಎಣಿಸುತ್ತದೆ. ಹುಬ್ಬಳ್ಳಿಯಲ್ಲಿ ಒಂದು ಅಂಗಡಿಗೆ ನಾನೇ ಇಂಥ ಶೀಟ್ ಮಾಡಿಕೊಟ್ಟಿದ್ದೆ. ಸ್ವಲ್ಪ ದಿನದ ಮೇಲೆ ಜಿಎಸ್‌ಟಿ ಬಿಲ್ಲಿಗೆ ಬೇಕು ಅಂತ ಅವರು ಹೆಸರು ಮತ್ತು ರೇಟಿನ ನಡುವೆ ಎಚ್‌ಎಸ್‌ಎನ್ ಕಾಲಂ ಸೇರಿಸಿದರು. ಪ್ಲಾಸ್ಟಿಕ್ ಪೈಪು, ಫಿಟ್ಟಿಂಗಿನ ಎಚ್‌ಎಸ್‌ಎನ್ 3917. ಈಗ ಮೂರನೇ ಕಾಲಂ ಅದೇ ಆಯಿತು. ಒಂದು ಎಲ್ಬೋಗೆ 3,917 ರೂಪಾಯಿ ಅಂತ ಬಿಲ್ ಬಂದಿದ್ದರಿಂದ ಕೂಡಲೇ ಗೊತ್ತಾಯಿತು. ಅದರ ಬದಲು ಹಳೇ ರೇಟಿನ ಕಾಲಂ ಸೇರಿಸಿದ್ದರೆ ತಿಂಗಳುಗಟ್ಟಲೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಮೇಲಿಂದ ಬೇರೆಯವರು ಬಳಸುವ ಶೀಟಿಗೆ ನಾನು ಇದನ್ನೇ ಹಾಕುವುದು:

```
=INDEX(Rate!$C:$C,MATCH(B2,Rate!$A:$A,0))
```

MATCH ಕೋಡ್ ಯಾವ ಸಾಲಿನಲ್ಲಿದೆ ಅಂತ ಹೇಳುತ್ತದೆ, INDEX ಆ ಸಾಲಿನ ರೇಟು ತರುತ್ತದೆ. ನಡುವೆ ಕಾಲಂ ಸೇರಿಸಿದರೆ $C:$C ತಾನಾಗಿಯೇ $D:$D ಆಗುತ್ತದೆ. ಕೊನೆಯ 0 ಅಂದರೆ FALSE ಇದ್ದ ಹಾಗೆ, ಅದನ್ನು ಬಿಟ್ಟರೆ ಮತ್ತೆ ಅದೇ 14ರ ಕಥೆ. * ವಿಷಯದಲ್ಲಿ ಇದೂ VLOOKUP ತರಹವೇ.

ನಿಮ್ಮಲ್ಲಿ ಎಕ್ಸೆಲ್ 2021 ಅಥವಾ ಮೈಕ್ರೋಸಾಫ್ಟ್ 365 ಇದ್ದರೆ XLOOKUP ಇನ್ನೂ ಸಲೀಸು. ಅದು ಏನೂ ಹೇಳದಿದ್ದರೆ ಸರಿಯಾಗಿ ಅದೇ ಕೋಡನ್ನು ಹುಡುಕುತ್ತದೆ, * ಅನ್ನು ಬರೀ * ಅಂತಲೇ ನೋಡುತ್ತದೆ, ಸಿಗದಿದ್ದರೆ ಏನು ತೋರಿಸಬೇಕು ಅನ್ನುವುದನ್ನೂ ಅದರೊಳಗೇ ಬರೆಯಬಹುದು.

```
=XLOOKUP(B2,Rate!$A:$A,Rate!$C:$C,"ರೇಟ್ ಇಲ್ಲ")
```

ತೊಂದರೆ ಒಂದೇ. ಅಂಗಡಿಯ ಇನ್ನೊಂದು ಕಂಪ್ಯೂಟರ್‌ನಲ್ಲೋ ನಿಮ್ಮ ಲೆಕ್ಕ ನೋಡುವವರ ಹತ್ತಿರವೋ ಎಕ್ಸೆಲ್ 2016 ಇದ್ದರೆ ಅಲ್ಲಿ ಫಾರ್ಮುಲಾ ಮತ್ತೆ ಲೆಕ್ಕ ಮಾಡಿದ ಕೂಡಲೇ #NAME? ಬರುತ್ತದೆ. ಎಲ್ಲ ಕಡೆ ಯಾವ ವರ್ಷದ ಎಕ್ಸೆಲ್ ಇದೆ ನೋಡಿಕೊಂಡು ತೀರ್ಮಾನಿಸಿ. ಗೊತ್ತಿಲ್ಲದಿದ್ದರೆ INDEX, MATCH ಸಾಕು.

ರೇಟು ಬದಲಾದ ದಿನ

ನೀವು ಇದನ್ನು ಕೇಳಿಲ್ಲ, ಆದರೆ ನಿಮಗೆ ಮುಂದೆ ಬರುವ ದೊಡ್ಡ ತೊಂದರೆ ಇದೇ. ಫಾರ್ಮುಲಾದಿಂದ ಬಂದ ರೇಟು ಬರೆದಿಟ್ಟ ರೇಟಲ್ಲ. ಶೀಟ್ ಲೆಕ್ಕ ಮಾಡಿದಾಗಲೆಲ್ಲ ಅದು ಮತ್ತೆ ಹುಡುಕುತ್ತದೆ. ಇವತ್ತು ಒಬ್ಬ ರೈತರಿಗೆ 60 ಎಲ್ಬೋ 18ರ ಹಾಗೆ 1,080ಕ್ಕೆ ಉದ್ರಿ ಕೊಟ್ಟಿರಿ. ಮುಂದಿನ ತಿಂಗಳು ಕಂಪನಿ ರೇಟು ಏರಿಸಿತು, Rate ಶೀಟ್‌ನಲ್ಲಿ 18 ತೆಗೆದು 20 ಮಾಡಿದಿರಿ. ಆ ಹಳೇ ಬಿಲ್ ತೆಗೆದರೆ ಈಗ 1,200 ತೋರಿಸುತ್ತದೆ. ರೈತರ ಕೈಯಲ್ಲಿರುವ ಪ್ರಿಂಟ್‌ನಲ್ಲಿ 1,080 ಇದೆ, ನಿಮ್ಮ ಫೈಲ್‌ನಲ್ಲಿ 1,200. ಜಿಎಸ್‌ಟಿ ಲೆಕ್ಕ ಕೊಟ್ಟಿದ್ದು ಯಾವುದರ ಮೇಲೆ? ಜಗಳ ಅಲ್ಲಿಂದ ಶುರುವಾಗುತ್ತದೆ.

ಹಾಗಾಗಿ ಬಿಲ್ ಪ್ರಿಂಟ್ ಆದ ಮೇಲೆ D ಕಾಲಂನ ರೇಟುಗಳನ್ನು ಗಟ್ಟಿ ಮಾಡಿ. ಆ ಸೆಲ್‌ಗಳನ್ನು ಆರಿಸಿ Ctrl+C, ಅಲ್ಲೇ Ctrl+Alt+V, ಆಮೇಲೆ V ಒತ್ತಿ Enter. ಫಾರ್ಮುಲಾ ಹೋಗಿ ಬರೀ 18 ಉಳಿಯುತ್ತದೆ. ತಪ್ಪು ರೇಟು ಬಂದಿದ್ದರೆ ಅದೂ ಗಟ್ಟಿಯಾಗುತ್ತದೆ, ಹಾಗಾಗಿ ಗಟ್ಟಿ ಮಾಡುವ ಮೊದಲು ಒಮ್ಮೆ ಕಣ್ಣಾಡಿಸಿ. ದಿನದ ಕೊನೆಗೆ ಒಟ್ಟಿಗೆ ಮಾಡುತ್ತೇನೆ ಅಂದವರು ಮರೆಯುವುದನ್ನು ಬಹಳ ನೋಡಿದ್ದೇನೆ, ಬಿಲ್ಲಿಗೊಮ್ಮೆ ಮಾಡುವುದೇ ಒಳ್ಳೆಯದು. ಹೊಸ ಬಿಲ್ಲಿಗೆ ಫಾರ್ಮುಲಾ ಇರುವ ಖಾಲಿ ಬಿಲ್ಲೊಂದನ್ನು ಬೇರೆ ಇಟ್ಟುಕೊಂಡು ಅದನ್ನು ಕಾಪಿ ಮಾಡಿಕೊಳ್ಳಿ.

ಹೊಸ ರೇಟನ್ನು ಲಿಸ್ಟಿನ ಕೆಳಗೆ ಹೊಸ ಸಾಲಾಗಿ ಸೇರಿಸಬೇಡಿ. FALSE ಇದ್ದಾಗ ಮೇಲಿನಿಂದ ಮೊದಲು ಸಿಕ್ಕ 2215ನ್ನೇ ತಗೊಳ್ಳುತ್ತದೆ, ಅಂದರೆ ಹಳೇ ರೇಟೇ ಬರುತ್ತಿರುತ್ತದೆ. ಈಗಾಗಲೇ ಎರಡೆರಡು ಸಲ ಬಂದ ಕೋಡ್ ಇವೆಯೇ ಅಂತ ನೋಡಲು Rate ಶೀಟ್‌ನ ಪಕ್ಕದ ಖಾಲಿ ಕಾಲಂನಲ್ಲಿ `=COUNTIF($A:$A,A2)` ಹಾಕಿ ಕೆಳಗೆ ಎಳೆಯಿರಿ. 1ಕ್ಕಿಂತ ಜಾಸ್ತಿ ಬಂದ ಸಾಲುಗಳನ್ನು ಫಿಲ್ಟರ್ ಮಾಡಿ, ಹಳೆಯದನ್ನು ತೆಗೆಯಿರಿ.

ಹೋದ ದುಡ್ಡು ಎಷ್ಟು?

ಅಣ್ಣ ಕೈಯಲ್ಲೇ ಬರಿ ಅನ್ನುವುದಕ್ಕೆ ಕಾರಣ ಇದೆ, ಬಿಲ್ ತಪ್ಪಿ ದುಡ್ಡು ಹೋಗಿದೆ. ಹಾಗಾಗಿ ಮೊದಲು ಎಷ್ಟು ಹೋಗಿದೆ ಅಂತ ಅವರಿಗೆ ತೋರಿಸಿ. ಹಳೇ ಬಿಲ್ ಫೈಲಿನ ಒಂದು ಕಾಪಿ ತೆಗೆದುಕೊಳ್ಳಿ, ಮೂಲ ಫೈಲ್ ಮುಟ್ಟಬೇಡಿ. ಕಾಪಿಯಲ್ಲಿ D ಹಾಗೇ ಇರಲಿ. F ಕಾಲಂನಲ್ಲಿ FALSE ಇರುವ ಹೊಸ ಫಾರ್ಮುಲಾ ಹಾಕಿ. G ಕಾಲಂನಲ್ಲಿ ವ್ಯತ್ಯಾಸದ ದುಡ್ಡು:

```
=(F2-D2)*C2
```

C ನಗ ಅಂತ ಇಟ್ಟುಕೊಂಡಿದ್ದೇನೆ. ನಿಮ್ಮ ಎಲ್ಬೋ ಸಾಲಿಗೆ (18-14)*60, ಅಂದರೆ 240 ಬರುತ್ತದೆ. G ಕಾಲಂಗೆ ಫಿಲ್ಟರ್ ಹಾಕಿ ಸೊನ್ನೆ ಇರುವವನ್ನು ತೆಗೆದರೆ ತಪ್ಪಿದ ಸಾಲುಗಳಷ್ಟೇ ಉಳಿಯುತ್ತವೆ. ಮೈನಸ್ ಬಂದ ಸಾಲುಗಳನ್ನೂ ನೋಡಿ. 20 ಎಂಎಂ ಎಲ್ಬೋವನ್ನು 12ರ ಬದಲು 14ಕ್ಕೆ ಕೊಟ್ಟಿದ್ದರೆ ಅಲ್ಲಿ ಗಿರಾಕಿಯಿಂದ ನೀವು ಜಾಸ್ತಿ ತಗೊಂಡಿದ್ದೀರಿ. ಉದ್ರಿ ಖಾತೆಯವರಾದರೆ ಅದನ್ನು ಅವರ ಲೆಕ್ಕದಲ್ಲಿ ಕಳೆದುಕೊಡಬಹುದು.

ಒಂದು ಮಾತು ನೆನಪಿರಲಿ. ಈ ನಡುವೆ Rate ಶೀಟ್‌ನಲ್ಲಿ ರೇಟು ಬದಲಿಸಿದ್ದರೆ D ಕಾಲಂ ಈಗ ತೋರಿಸುವುದು ಅವತ್ತು ಪ್ರಿಂಟ್ ಆದ ರೇಟಲ್ಲ. ಅಂಥ ಬಿಲ್ಲುಗಳ D ಕಾಲಂಗೆ ಬಿಲ್ ಬುಕ್ಕಿನ ಕಾಪಿ ನೋಡಿ ಅವತ್ತಿನ ರೇಟನ್ನು ಕೈಯಿಂದಲೇ ಹೊಡೆಯಿರಿ. F ಕಾಲಂಗೂ ಅವತ್ತು ನಡೆಯುತ್ತಿದ್ದ ಹಳೇ ಲಿಸ್ಟಿನ ರೇಟೇ ಬೇಕು, ಇಲ್ಲದಿದ್ದರೆ ರೇಟು ಏರಿದ್ದೂ ನಷ್ಟ ಅಂತ ಲೆಕ್ಕಕ್ಕೆ ಸೇರಿಬಿಡುತ್ತದೆ.